ಮೊದಲು ಗಿರಾಕಿ, ಆಮೇಲೆ ಅಂಗಡಿ

ಮನೆಯಲ್ಲಿ ಒಬ್ಬರ ಕೈರುಚಿಯನ್ನು ನಾಲ್ಕು ಜನ ಹೊಗಳಿದರೆಂದರೆ ಐದನೆಯವರು ಒಂದು ಮಾತು ಹೇಳಿಯೇ ಹೇಳುತ್ತಾರೆ: “ನೀವು ಒಂದು ಹೋಟೆಲ್ ಇಡಬೇಕು ನೋಡಿ.” ಆ ಮಾತನ್ನು ನಂಬಿ ಭವಿಷ್ಯನಿಧಿಯ ದುಡ್ಡು ತೆಗೆದವರು, ಒಡವೆ ಅಡವಿಟ್ಟವರು, ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿ ಮುರಿಸಿದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಅಂಗಡಿ ತೆರೆದ ದಿನ ಹೂವಿನ ಹಾರ, ಮೊದಲ ವಾರ ನೆಂಟರಿಷ್ಟರ ಗದ್ದಲ. ಆರು ತಿಂಗಳಿಗೆ ಶಟರ್ ಮೇಲೆ “ಬಾಡಿಗೆಗೆ ಇದೆ” ಎಂಬ ಚೀಟಿ. ಇಂಥವರಲ್ಲಿ ಹೆಚ್ಚಿನವರ ಅಡುಗೆಯಲ್ಲಿ ಯಾವ ದೋಷವೂ ಇರುವುದಿಲ್ಲ. ಆ ಅಡುಗೆಗೆ, ಆ ಬೆಲೆಗೆ, ಆ ಜಾಗದಲ್ಲಿ, ಮತ್ತೆ ಮತ್ತೆ ದುಡ್ಡು ಕೊಡುವವರು ಸಾಕಷ್ಟು ಜನ ಇದ್ದಾರೆಯೇ ಎಂಬುದನ್ನು ಅವರು ಅಡ್ವಾನ್ಸ್ ಕೊಡುವ ಮೊದಲು ನೋಡಿರುವುದಿಲ್ಲ, ಅಷ್ಟೇ.

ಅದನ್ನು ನೋಡಲು ಅಂಗಡಿ ಬೇಕಾಗಿಲ್ಲ. ಮನೆಯ ಒಲೆ, ಒಂದು ನೋಟ್‌ಬುಕ್, ಎರಡು ತಿಂಗಳ ತಾಳ್ಮೆ ಸಾಕು. ಹೇಗೆ ಎಂಬುದು ತಿಳಿಯಲು ಒಂದು ಮನೆಯ ಚಿತ್ರವನ್ನು ಕಟ್ಟಿಕೊಂಡು ಲೆಕ್ಕ ಮಾಡೋಣ. ಧಾರವಾಡದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಒಬ್ಬ ಗೃಹಿಣಿ. ಹೆಸರು ಬೇಡ, ಅಕ್ಕ ಎಂದೇ ಕರೆಯೋಣ. ಬಿಸಿ ಜೋಳದ ರೊಟ್ಟಿ ಊಟದ ಪುಟ್ಟ ಖಾನಾವಳಿ ತೆರೆಯಬೇಕೆಂಬುದು ಅವರ ಆಸೆ. ಮೂರು ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಎಲ್ಲ ಸೇರಿ ಒಂದು ಡಬ್ಬಿಗೆ 100 ರೂಪಾಯಿ. ಕೈಯಲ್ಲಿರುವುದು ಐದು ಲಕ್ಷ ಉಳಿತಾಯ.

ಅವರ ಖರ್ಚಿನ ಪಟ್ಟಿ ಹೀಗಿದೆ: ಅಂಗಡಿಯ ಅಡ್ವಾನ್ಸ್ ಒಂದೂವರೆ ಲಕ್ಷ. ಒಲೆ, ಹೆಂಚು, ಪಾತ್ರೆ, ಫ್ರಿಜ್ ಎಂದು 1.2 ಲಕ್ಷ. ಟೈಲ್ಸ್, ಬಣ್ಣ, ಬೋರ್ಡಿಗೆ 80 ಸಾವಿರ. ಮೊದಲ ಎರಡು ತಿಂಗಳ ಬಾಡಿಗೆ, ಸಂಬಳಕ್ಕೆ ಒಂದು ಲಕ್ಷ. ಒಟ್ಟು ನಾಲ್ಕೂವರೆ ಲಕ್ಷ. ವ್ಯಾಪಾರ ಕೈಹಿಡಿಯದಿದ್ದರೆ ಇದರಲ್ಲಿ ಹಿಂದಕ್ಕೆ ಬರುವುದು ಅಡ್ವಾನ್ಸಿನ ಬಹುಪಾಲು ಮತ್ತು ಪಾತ್ರೆ ಫ್ರಿಜ್ಜಿನ ಅರ್ಧ ಬೆಲೆ. ಗೋಡೆಗೆ ಅಂಟಿಸಿದ ಟೈಲ್ಸು, ಕೊಟ್ಟ ಬಾಡಿಗೆ, ಕೊಟ್ಟ ಸಂಬಳ ಹೋದ ಹಾಗೆಯೇ.

ಎಷ್ಟು ಗಿರಾಕಿ ಬೇಕು?

ಪರೀಕ್ಷೆಗೆ ಇಳಿಯುವ ಮೊದಲು ಒಂದು ಅಂಕಿ ಕೈಯಲ್ಲಿರಬೇಕು. ಎಷ್ಟು ಮಾರಿದರೆ ಅಂಗಡಿ ನಡೆಯುತ್ತದೆ? ಒಂದು ಡಬ್ಬಿಯ ಖರ್ಚನ್ನು ಅಕ್ಕ ತೂಕ ಮಾಡಿ ಬರೆದರು. ಮೂರು ರೊಟ್ಟಿಗೆ ಹಿಟ್ಟು 12 ರೂಪಾಯಿ, ಎಣ್ಣೆಗಾಯಿ 15, ಕಾಳು ಪಲ್ಯ 8, ಚಟ್ನಿಪುಡಿ ಮೊಸರು 8, ಡಬ್ಬಿ ಕವರ್ 8, ಗ್ಯಾಸ್ 4. ಒಟ್ಟು 55. ಅಂದರೆ ಡಬ್ಬಿಗೆ 45 ರೂಪಾಯಿ ಉಳಿಯುತ್ತದೆ.

ಮಾರಿದರೂ ಮಾರದಿದ್ದರೂ ತಿಂಗಳಿಗೆ ಕೊಡಬೇಕಾದದ್ದು ಬಾಡಿಗೆ, ಒಬ್ಬ ಸಹಾಯಕಿಯ ಸಂಬಳ, ಕರೆಂಟು, ನೀರು. ಇದು 45 ಸಾವಿರ. ಇದಕ್ಕೆ ತನ್ನ ದುಡಿಮೆಗೆಂದು 15 ಸಾವಿರವನ್ನಾದರೂ ಅವರು ಸೇರಿಸಲೇಬೇಕು. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ಲಾಭ ತೋರಿಸುವ ಲೆಕ್ಕದಿಂದಲೇ ಎಷ್ಟೋ ಸಣ್ಣ ಹೋಟೆಲುಗಳು ಒಳಗೊಳಗೇ ಸೊರಗುತ್ತವೆ. ಒಟ್ಟು 60 ಸಾವಿರವನ್ನು 45ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,330 ಡಬ್ಬಿ. ವಾರಕ್ಕೊಂದು ರಜೆ ಬಿಟ್ಟರೆ ದಿನಕ್ಕೆ 51.

ದಿನಕ್ಕೆ 51 ಎಂದರೆ ದೊಡ್ಡದೇನೂ ಅನ್ನಿಸುವುದಿಲ್ಲ. ಆದರೆ ಅದೇ ಜನ ದಿನವೂ ರೊಟ್ಟಿ ಊಟ ತರಿಸುವುದಿಲ್ಲವಲ್ಲ. ಒಂದು ಮನೆಯಿಂದ ವಾರಕ್ಕೊಂದು ಡಬ್ಬಿ ಹೋಗುತ್ತದೆ ಎಂದುಕೊಂಡರೆ, ವಾರ ತಪ್ಪದೆ ಕೊಳ್ಳುವ 300ಕ್ಕೂ ಹೆಚ್ಚು ಗಿರಾಕಿಗಳು ಬೇಕು. ಊಟ ತಲುಪಿಸುವ ಆ್ಯಪ್ ಮೂಲಕ ಮಾರಿ, ನೂರರಲ್ಲಿ ಕಾಲು ಭಾಗ ಅಲ್ಲಿಗೇ ಹೋಯಿತೆಂದು ಇಟ್ಟುಕೊಳ್ಳಿ; 45 ಇದ್ದದ್ದು 20 ಆಗುತ್ತದೆ, 1,330 ಡಬ್ಬಿ ಹೋಗಿ 3,000 ಬೇಕಾಗುತ್ತದೆ. ಪರೀಕ್ಷೆ ಉತ್ತರಿಸಬೇಕಾದ ಪ್ರಶ್ನೆ ಇದು: ಈ 300 ಜನ ಇದ್ದಾರೆಯೇ?

ಕೇಳಬಾರದ ಪ್ರಶ್ನೆ, ಕೇಳಬೇಕಾದ ಪ್ರಶ್ನೆ

“ನಾನು ರೊಟ್ಟಿ ಊಟ ಮಾಡಿ ಮಾರಿದರೆ ತಗೋತೀರಾ?” ಎಂದು ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಎದುರಿಗಿರುವವರ ಮನಸ್ಸು ನೋಯಿಸಬಾರದೆಂಬ ಸಂಕೋಚ ನಮ್ಮದು. “ಅಯ್ಯೋ ಖಂಡಿತ, ವಾರಕ್ಕೆ ಎರಡು ಸಲ” ಎಂದುಬಿಡುತ್ತಾರೆ. ಅದು ಸುಳ್ಳಲ್ಲ, ಪ್ರೀತಿ. ಆದರೆ ಆ ಪ್ರೀತಿಯಿಂದ ಬಾಡಿಗೆ ಕಟ್ಟಲಾಗದು.

ಮುಂದೇನು ಮಾಡುತ್ತೀರಿ ಎಂದು ಕೇಳುವ ಬದಲು ಹಿಂದೇನು ಮಾಡಿದ್ದೀರಿ ಎಂದು ಕೇಳಬೇಕು. ಹೋದ ಹದಿನೈದು ದಿನದಲ್ಲಿ ರೊಟ್ಟಿ ಯಾವಾಗ ತಿಂದಿರಿ? ಎಲ್ಲಿಂದ ಬಂತು? ಎಷ್ಟು ಕೊಟ್ಟಿರಿ? ಅಲ್ಲಿ ಏನು ಹಿಡಿಸಲಿಲ್ಲ? ಇಂಥ ಪ್ರಶ್ನೆಗೆ ಜನ ನೆನಪಿನಿಂದ ಉತ್ತರ ಕೊಡುತ್ತಾರೆ. ನೆಂಟರಲ್ಲದ ಹದಿನೈದು ಜನರನ್ನು ಕೇಳಿದರೆ ಚಿತ್ರ ಮೂಡತೊಡಗುತ್ತದೆ. ಅಕ್ಕನ ಪಟ್ಟಿಯಲ್ಲಿ ದುಡ್ಡು ಕೊಟ್ಟು ರೊಟ್ಟಿ ತಿಂದವರು ಆರು ಜನ. ಉಳಿದವರಲ್ಲಿ ಕೆಲವರಿಗೆ ರೊಟ್ಟಿಯ ನೆನಪೇ ಇರಲಿಲ್ಲ. ಇನ್ನು ಕೆಲವರ ಮನೆಗೆ ಊರಿನಿಂದ ಅವ್ವ ಕಟ್ಟಿ ಕಳಿಸಿದ ಕಟಕ್ ರೊಟ್ಟಿಯ ಗಂಟು ಬಸ್ಸಿನಲ್ಲಿ ಬಂದಿತ್ತು. ಅಕ್ಕನ ನಿಜವಾದ ಎದುರಾಳಿ ಪಕ್ಕದ ರಸ್ತೆಯ ಖಾನಾವಳಿ ಅಲ್ಲ, ದುಡ್ಡಿಲ್ಲದೆ ಬರುವ ಆ ಗಂಟು ಎಂಬುದು ಅಲ್ಲಿ ಮೊದಲ ಸಲ ಕಂಡಿತು.

ಮುಂಗಡ ಬಂದರೆ ಮಾತ್ರ ಆರ್ಡರ್

ಮಾತು ಮುಗಿದ ಮೇಲೆ ದುಡ್ಡಿನ ಪರೀಕ್ಷೆ. ಅಕ್ಕ ಇರುವ ಅಪಾರ್ಟ್‌ಮೆಂಟಿನಲ್ಲಿ 160 ಮನೆ. ಬುಧವಾರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಹೋಯಿತು: “ಶನಿವಾರ ಸಂಜೆ 7ಕ್ಕೆ ಬಿಸಿ ಜೋಳದ ರೊಟ್ಟಿ ಊಟ. ಡಬ್ಬಿಗೆ 100 ರೂಪಾಯಿ. ಶುಕ್ರವಾರ ರಾತ್ರಿ 8ರೊಳಗೆ ಯುಪಿಐ ಮೂಲಕ ದುಡ್ಡು ಕಳಿಸಿದವರಿಗೆ ಮಾತ್ರ. 25 ಡಬ್ಬಿ ಮಾತ್ರ.” ತಿನಿಸು, ಬೆಲೆ, ದಿನ, ಗಡುವು, ಮಿತಿ ಈ ಐದೂ ಸಂದೇಶದಲ್ಲಿ ಇರಬೇಕು. ಮುಂಗಡ ಬಾರದ ಆರ್ಡರನ್ನು ಲೆಕ್ಕಕ್ಕೆ ಹಿಡಿಯಬಾರದು.

ಬೆಲೆಯ ವಿಷಯದಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. “ಮೊದಲ ಸಲ ಅಲ್ವಾ, 60 ರೂಪಾಯಿಗೆ ಕೊಡೋಣ” ಎನ್ನಿಸುತ್ತದೆ. 60ಕ್ಕೆ ಕೊಂಡವರು 60ಕ್ಕೆ ಕೊಳ್ಳುತ್ತಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. 100ರ ಅಂಗಡಿಗೆ ಆ ಉತ್ತರ ಉಪಯೋಗಕ್ಕೆ ಬಾರದು. ಅಂಗಡಿಯಲ್ಲಿ ಇಡುವ ಬೆಲೆಯನ್ನೇ ಪರೀಕ್ಷೆಯಲ್ಲೂ ಇಡಬೇಕು. ಬಿಟ್ಟಿ ರುಚಿ ತೋರಿಸುವುದಾದರೆ ಒಂದು ತುತ್ತು ಸಾಕು, ಊಟ ಬೇಡ.

ಸಂದೇಶ ಕಳಿಸುವ ಮೊದಲೇ ಅಕ್ಕ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಹಾಕಿಕೊಂಡರು: ಮೊದಲ ವಾರ 15 ಡಬ್ಬಿಗೆ ದುಡ್ಡು ಬರಬೇಕು; ಮೊದಲ ವಾರ ಕೊಂಡವರಲ್ಲಿ ಪರಿಚಯವಿಲ್ಲದವರನ್ನು ಮಾತ್ರ ಎಣಿಸಿ, ಅವರಲ್ಲಿ ಅರ್ಧದಷ್ಟಾದರೂ ನಾಲ್ಕು ವಾರದೊಳಗೆ ಎರಡನೇ ಸಲ ದುಡ್ಡು ಕೊಡಬೇಕು. ಈ ಗೆರೆಯನ್ನು ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ಫಲಿತಾಂಶ ಬಂದ ಮೇಲೆ ಗೆರೆ ಎಳೆಯಲು ಕೂತರೆ, ಬಂದ ಅಂಕಿಗೆ ಸರಿಯಾಗಿ ಮನಸ್ಸು ಅದನ್ನು ಕೆಳಗಿಳಿಸುತ್ತದೆ. ಆಸೆಪಟ್ಟವರ ಮನಸ್ಸಿನ ಗುಣವೇ ಅದು.

ಇಲ್ಲೊಂದು ಮಾತು ಮರೆಯಬಾರದು. ಮನೆಯಿಂದ ಮಾರಿದರೂ ಆಹಾರ ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವ್ಯಾಪಾರಕ್ಕೆ ಶುಲ್ಕ ಅಲ್ಪ; foscos.fssai.gov.in ತಾಣದಲ್ಲಿ ಅರ್ಜಿ ಹಾಕಬಹುದು. ನೋಂದಣಿಯಾದ ಮೇಲೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಪರೀಕ್ಷೆಗೆ ತಾನೇ ಎಂದು ಇದನ್ನು ಬಿಡಬಾರದು. ತಿನ್ನುವವರ ಹೊಟ್ಟೆಗೆ ಪರೀಕ್ಷೆಯ ಊಟ, ಅಂಗಡಿಯ ಊಟ ಎಂಬ ಭೇದವಿಲ್ಲ.

ಲೈಕ್ 40, ದುಡ್ಡು 18

ಸಂದೇಶಕ್ಕೆ ಹೆಬ್ಬೆರಳು, ಚಪ್ಪಾಳೆ, “ಸೂಪರ್ ಆಂಟಿ” ಎಂದು ಬಂದದ್ದು 40 ಮನೆಯಿಂದ. ದುಡ್ಡು ಬಂದದ್ದು 18 ಮನೆಯಿಂದ, ತಲಾ ಒಂದು ಡಬ್ಬಿಗೆ. ಗೆರೆ 15 ಇತ್ತು, ದಾಟಿತು. ಇಲ್ಲಿಯೇ ನಿಂತಿದ್ದರೆ ಅಕ್ಕ ಮರುದಿನ ಅಂಗಡಿ ಹುಡುಕಲು ಹೊರಡುತ್ತಿದ್ದರು.

ಆ ಶನಿವಾರ ಒಲೆಯ ಮುಂದೆ ಬೇರೆ ಪಾಠವೂ ಆಯಿತು. ಒಂದು ಹೆಂಚಿನ ಮೇಲೆ ಒಬ್ಬರೇ ಬಡಿದು ಬೇಯಿಸಿದರೆ ಗಂಟೆಗೆ ಸುಮಾರು 30 ರೊಟ್ಟಿ. 18 ಡಬ್ಬಿಗೆ 54 ರೊಟ್ಟಿ ಮುಗಿಯುವ ಹೊತ್ತಿಗೆ ಎರಡು ಗಂಟೆ ಹತ್ತಿರವಾಗಿತ್ತು, ಮೊದಲು ಬೇಯಿಸಿದ ರೊಟ್ಟಿ ಆರಿ ಬಿರುಸಾಗಿತ್ತು. ಕೊನೆಯವನ್ನು ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಹಬೆ ಒಳಗೇ ನೀರಾಗಿ ರೊಟ್ಟಿ ಒಂದಕ್ಕೊಂದು ಅಂಟಿತು. ಆಮೇಲಿನ ವಾರದಿಂದ ರೊಟ್ಟಿಯನ್ನು ಎರಡು ನಿಮಿಷ ಬಟ್ಟೆಯ ಮೇಲೆ ಹರಡಿ, ಹಬೆ ಹೋದ ಮೇಲೆ ಕಾಗದದಲ್ಲಿ ಸುತ್ತಿ ಇಡತೊಡಗಿದರು. ದಿನಕ್ಕೆ 51 ಡಬ್ಬಿ ಎಂದರೆ 153 ರೊಟ್ಟಿ, ಒಬ್ಬರ ಕೈಗೆ ಐದು ಗಂಟೆಯ ಕೆಲಸ. ಅಂಗಡಿಯ ಲೆಕ್ಕದಲ್ಲಿ ರೊಟ್ಟಿ ಬಡಿಯಲು ಇನ್ನೊಬ್ಬರ ಸಂಬಳ ಬರೆದೇ ಇರಲಿಲ್ಲ ಎಂಬುದು ಆಗ ಅಕ್ಕನಿಗೆ ಹೊಳೆಯಿತು.

ಎರಡನೇ ಸಲ ಬಂದವರು ಯಾರು?

ನಾಲ್ಕು ಶನಿವಾರ ಮಾರಿದ್ದು ಕ್ರಮವಾಗಿ 18, 21, 16, 17 ಡಬ್ಬಿ. ದೂರದಿಂದ ನೋಡಿದರೆ ವ್ಯಾಪಾರ ಸ್ಥಿರವಾಗಿದೆ. ಆದರೆ ಅಕ್ಕ ನೋಟ್‌ಬುಕ್ಕಿನಲ್ಲಿ ಡಬ್ಬಿ ಎಣಿಸುವ ಬದಲು ಮನೆ ನಂಬರ್ ಬರೆದಿಟ್ಟಿದ್ದರು. ಮೊದಲ ವಾರದ 18ರಲ್ಲಿ ಐದು ಮನೆ ನೆಂಟರು, ಗೆಳತಿಯರದ್ದು. ಅವರು ಪ್ರತಿ ವಾರ ಕೊಂಡರು, ಕೊಳ್ಳುತ್ತಲೂ ಇರುತ್ತಾರೆ, ಅವರನ್ನು ಬದಿಗಿಡಬೇಕು. ಉಳಿದ 13 ಮನೆಗಳಲ್ಲಿ ಎರಡನೇ ಸಲ ದುಡ್ಡು ಕೊಟ್ಟದ್ದು ಐದು. ಗೆರೆ ದಾಟಲು ಏಳು ಬೇಕಿತ್ತು. ಪ್ರತಿ ವಾರ ಒಟ್ಟು ಅಂಕಿಯನ್ನು ಎತ್ತಿ ಹಿಡಿದದ್ದು, ಒಮ್ಮೆ ರುಚಿ ನೋಡೋಣ ಎಂದು ಬಂದ ಹೊಸಬರು. 160 ಮನೆಯ ಕಟ್ಟಡದಲ್ಲಿ ಹೊಸಬರು ಬೇಗ ಮುಗಿದುಹೋಗುತ್ತಾರೆ. ಅಂಗಡಿ ತೆರೆದ ಮೊದಲ ತಿಂಗಳ ನೂಕುನುಗ್ಗಲು ಮೂರನೇ ತಿಂಗಳಿಗೆ ಕರಗುವುದು ಇದೇ ಕಾರಣಕ್ಕೆ.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಬೇಕಾದದ್ದು 300 ಖಾಯಂ ಗಿರಾಕಿ. 160 ಮನೆಗೆ ಸಿಕ್ಕಿದ್ದು ಐದು. ಹೀಗೇ ಸಿಗುತ್ತಾ ಹೋದರೆ ಇಂಥ ಸುಮಾರು 60 ಕಟ್ಟಡ ಬೇಕು. ಬಿಸಿ ರೊಟ್ಟಿ ಬಿಸಿಯಾಗಿ ತಲುಪುವ ದೂರದಲ್ಲಿ ಅಷ್ಟು ಕಟ್ಟಡಗಳಿವೆಯೇ? ಅಕ್ಕನ ಬಡಾವಣೆಯಲ್ಲಿ ಇರಲಿಲ್ಲ. ಅಂದುಕೊಂಡ ರೂಪದಲ್ಲಿ ಆ ಖಾನಾವಳಿ ನಡೆಯುವುದಿಲ್ಲ ಎಂದು ನೋಟ್‌ಬುಕ್ಕೇ ಹೇಳಿತು. ಹೀಗೆ ಹೇಳಿಸಿಕೊಳ್ಳಲು ಡಬ್ಬಿ, ತೂಕದ ಯಂತ್ರ, ನೋಂದಣಿ, ಕೆಟ್ಟುಹೋದ ಒಂದಿಷ್ಟು ರೊಟ್ಟಿ ಎಲ್ಲ ಸೇರಿ ಅಕ್ಕನ ಕೈಯಿಂದ ಹೋದದ್ದು ಮೂರೂವರೆ ಸಾವಿರ. ಸಾಮಾನಿನ ದುಡ್ಡು ಗಿರಾಕಿಗಳ ಮುಂಗಡದಿಂದಲೇ ಬಂದಿತ್ತು.

ಬಾರದವರನ್ನೂ ಬಂದವರನ್ನೂ ಕೇಳಿ

ಪರೀಕ್ಷೆ ಗೆರೆ ದಾಟದಿದ್ದರೆ ಕತೆ ಮುಗಿಯಿತೆಂದಲ್ಲ. ಎರಡನೇ ಸಲ ಬಾರದ ಎಂಟು ಮನೆಗಳನ್ನು ಅಕ್ಕ ವಿಚಾರಿಸಿದರು. “ಯಾಕೆ ತಗೊಳ್ಳಲಿಲ್ಲ?” ಎಂದು ಕೇಳಿದರೆ ಜನ ಮುಜುಗರಪಡುತ್ತಾರೆ, “ಹೋದ ಶನಿವಾರ ರಾತ್ರಿ ಊಟಕ್ಕೇನಿತ್ತು?” ಎಂದು ಕೇಳಿದರೆ ಸಲೀಸಾಗಿ ಹೇಳುತ್ತಾರೆ. ಮೂರು ಮನೆಯವರು ಶನಿವಾರ ಹೊರಗೇ ಊಟ ಮಾಡುವವರು. ಎರಡು ಮನೆಯಲ್ಲಿ ಮಕ್ಕಳು ರೊಟ್ಟಿ ಮುಟ್ಟಲಿಲ್ಲ. ಮೂರು ಮನೆಯವರಿಗೆ ಅಂಟಿದ ರೊಟ್ಟಿ ಹಿಡಿಸಿರಲಿಲ್ಲ. ದಿನ ತಪ್ಪಿತ್ತು, ರೊಟ್ಟಿ ಕಟ್ಟುವ ಕ್ರಮ ತಪ್ಪಿತ್ತು. ಇವೆರಡೂ ತಿದ್ದಬಹುದಾದ ತಪ್ಪುಗಳು.

ಮತ್ತೆ ಬಂದ ಐವರಲ್ಲಿ ಮೂರು ಮನೆಯವರು ಉತ್ತರ ಕರ್ನಾಟಕದವರು. ಅವರಲ್ಲೊಬ್ಬರು ಡಬ್ಬಿ ಹಿಂತಿರುಗಿಸುವಾಗ ಹೇಳಿದ ಮಾತು ಇಡೀ ಯೋಜನೆಯನ್ನೇ ತಿರುಗಿಸಿತು: “ಅಕ್ಕಾರ, ಪಲ್ಯ ನಾವ ಮಾಡ್ಕೋತೀವಿ. ರೊಟ್ಟಿ ಬಡಿಯೂದಕ್ಕ ಟೈಮ್ ಇಲ್ರಿ. ರೊಟ್ಟಿ ಅಷ್ಟ ಕೊಡ್ತೀರೇನು, ವಾರದಾಗ ಎರಡ ಸಲ?”

ಅಂದರೆ ಈ ಮನೆಗಳಿಗೆ ಬೇಕಾದದ್ದು ಊಟವಲ್ಲ, ರೊಟ್ಟಿ. ಅಕ್ಕ ಹೊಸ ಲೆಕ್ಕ ಹಾಕಿದರು. ಹತ್ತು ರೊಟ್ಟಿಯ ಕಟ್ಟು 120 ರೂಪಾಯಿ. ಖರ್ಚು ಹಿಟ್ಟಿಗೆ 40, ಗ್ಯಾಸಿಗೆ 8, ಕಾಗದ ಕವರಿಗೆ 7, ಒಟ್ಟು 55. ಕಟ್ಟಿಗೆ 65 ಉಳಿಯಿತು. ಪಲ್ಯ ಹಳಸುವ ಭಯವಿಲ್ಲ, ಡಬ್ಬಿಯ ಖರ್ಚಿಲ್ಲ. ಈ ಸಲದ ಪರೀಕ್ಷೆ ಮೊದಲಿಗಿಂತ ಗಟ್ಟಿ: ಮಂಗಳವಾರ, ಶುಕ್ರವಾರದಂತೆ ನಾಲ್ಕು ವಾರಕ್ಕೆ ಎಂಟು ಕಟ್ಟು, 960 ರೂಪಾಯಿ ಪೂರ್ತಿ ಮುಂಗಡ. ಗೆರೆ ಎಂಟು ಮನೆ. ತಮ್ಮ ಕಟ್ಟಡ, ಪಕ್ಕದ ಕಟ್ಟಡ ಸೇರಿ ದುಡ್ಡು ಕೊಟ್ಟದ್ದು ಹನ್ನೊಂದು ಮನೆ. ತಿಂಗಳು ಮುಗಿದ ಮೇಲೆ ಮತ್ತೆ 960 ಕೊಟ್ಟದ್ದು ಒಂಬತ್ತು ಮನೆ.

ಹನ್ನೊಂದರಲ್ಲಿ ಒಂಬತ್ತು ಮನೆಯವರು ಇಡೀ ತಿಂಗಳ ದುಡ್ಡನ್ನು ಎರಡನೇ ಸಲ ಮುಂಗಡವಾಗಿ ಕೊಟ್ಟರು ಎಂಬುದು 40 ಲೈಕ್‌ಗಳು ಹೇಳಲಾರದ್ದನ್ನು ಹೇಳುತ್ತದೆ. ಆದರೂ ಇದು ಇನ್ನೂ ಸಂಸಾರ ಸಾಕುವ ಆದಾಯವಲ್ಲ. ಹನ್ನೊಂದು ಮನೆಯಿಂದ ತಿಂಗಳಿಗೆ ಉಳಿದದ್ದು 5,720 ರೂಪಾಯಿ. 40 ಮನೆ ಆದರೆ 20,800. ಆಗ ವಾರಕ್ಕೆ 800 ರೊಟ್ಟಿ, ಸುಮಾರು 27 ಗಂಟೆ ಒಲೆಯ ಮುಂದೆ. ಒಬ್ಬರ ಕೈಗೆ ಅದೇ ಮಿತಿ. ಅದರಾಚೆ ಹೋಗಬೇಕೆಂದರೆ ರೊಟ್ಟಿ ಬಡಿಯುವ ಇನ್ನೊಬ್ಬರು ಬೇಕು, ಅವರ ಕೂಲಿ ಕಟ್ಟಿನ ಖರ್ಚಿನೊಳಗೆ ಬರಬೇಕು. ಹಾಗಾಗಿ ಅಕ್ಕನ ಮುಂದಿನ ಗೆರೆ 40 ಮನೆ. ಅದು ದಾಟುವವರೆಗೆ ಅಂಗಡಿಯೂ ಬೇಡ, ರೊಟ್ಟಿ ಯಂತ್ರವೂ ಬೇಡ.

ಪರೀಕ್ಷೆ ಎಲ್ಲಿ ಮೋಸ ಮಾಡುತ್ತದೆ

ಇಂಥ ಪರೀಕ್ಷೆಗೂ ಮಿತಿಯಿದೆ. ಸಂಬಳ ಬಂದ ಮೊದಲ ವಾರದಲ್ಲಿ ಕೈ ಸಡಿಲವಾಗಿರುತ್ತದೆ, ಕೊನೆಯ ವಾರದಲ್ಲಿ ಬಿಗಿಯಾಗಿರುತ್ತದೆ. ಇಡೀ ತಿಂಗಳು ನೋಡದೆ ತೀರ್ಮಾನಿಸಬಾರದು. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾರಿ ವರ್ಷವಿಡೀ ಹಾಗೇ ಮಾರುತ್ತದೆಂದು ತಿಳಿಯಬಾರದು. ಗೊತ್ತಿರುವವರ ಗುಂಪಿನಲ್ಲಿ ಅಕ್ಕನ ಮುಖ ನೋಡಿ ಕೊಳ್ಳುವವರು ಇರುತ್ತಾರೆ. ಅದಕ್ಕೇ ಎರಡನೇ ಪರೀಕ್ಷೆಯನ್ನು ಪಕ್ಕದ ಕಟ್ಟಡಕ್ಕೂ ಒಯ್ದದ್ದು.

ಚಟ್ನಿಪುಡಿ, ಹಪ್ಪಳ, ದೋಸೆ ಹಿಟ್ಟಿನಂತಹ ಸರಕನ್ನು ಕಿರಾಣಿ ಅಂಗಡಿಗೆ ಹಾಕುವವರಿಗೆ ಇನ್ನೊಂದು ಎಚ್ಚರ. “ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು” ಎಂದು ಅಂಗಡಿಯವರು 30 ಪ್ಯಾಕೆಟ್ ಇಟ್ಟುಕೊಂಡರೆ 30 ಮಾರಾಟವಾಯಿತೆಂದಲ್ಲ. ವಾರದ ಕೊನೆಗೆ ಉಳಿದದ್ದನ್ನೂ ಹಿಂತಿರುಗಿದ್ದನ್ನೂ ಕಳೆದು, ಅಂಗಡಿಯವರು ಎಷ್ಟಕ್ಕೆ ದುಡ್ಡು ಕೊಟ್ಟರು ಎಂಬುದನ್ನು ಬರೆಯಬೇಕು. ಅವರೇ ಫೋನ್ ಮಾಡಿ “ಖಾಲಿ ಆಯ್ತು, ಇನ್ನಷ್ಟು ಕಳಿಸಿ” ಎಂದ ದಿನ ನಿಮಗೊಂದು ನಿಜವಾದ ಆರ್ಡರ್ ಸಿಕ್ಕಿತು.

ಬೆಂಗಳೂರಿನ ಐಡಿ ಫ್ರೆಶ್ ಈ ದಾರಿಯಲ್ಲೇ ನಡೆದದ್ದು. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 50 ಚದರ ಅಡಿಯ ಜಾಗದಲ್ಲಿ ಇಡ್ಲಿ–ದೋಸೆ ಹಿಟ್ಟು ರುಬ್ಬಿ ಸುತ್ತಲಿನ 20 ಅಂಗಡಿಗಳಿಗೆ ಹಾಕತೊಡಗಿದರು. ಅವರು ಇಟ್ಟುಕೊಂಡ ಗುರಿ ದಿನಕ್ಕೆ 100 ಪ್ಯಾಕೆಟ್. ಅದನ್ನು ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತೆಂದು ಮುಸ್ತಫಾ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ದೊಡ್ಡ ಬಂಡವಾಳ ಬಂದದ್ದು ಆಮೇಲೆ.

ಸರ್ಕಾರದ ಸಹಾಯಧನದ ಬಗ್ಗೆಯೂ ಇದೇ ಮಾತು. ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಿಂದ ನಮ್ಮ ಜಿಲ್ಲೆಗಳಲ್ಲೂ ಅನೇಕರು ರೊಟ್ಟಿ ಯಂತ್ರ, ಹಿಟ್ಟಿನ ಗಿರಣಿ, ಎಣ್ಣೆ ಗಾಣ ಕೊಂಡಿದ್ದಾರೆ. ಸಹಾಯಧನ ಒಳ್ಳೆಯದೇ. ಆದರೆ ಅದು ಯಂತ್ರದ ಬೆಲೆಯನ್ನು ಇಳಿಸುತ್ತದೆ, ಗಿರಾಕಿಯನ್ನು ಕರೆತರುವುದಿಲ್ಲ. ಉಳಿದ ಸಾಲದ ಕಂತು ಪ್ರತಿ ತಿಂಗಳೂ ಕಟ್ಟಬೇಕು. ದುಡ್ಡು ಕೊಡುವ ಮನೆಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿದರೆ ಎಷ್ಟು ದೊಡ್ಡ ಯಂತ್ರ ಬೇಕು ಎಂಬುದೂ ಗೊತ್ತಿರುತ್ತದೆ.

ನೀವು ಅಥವಾ ನಿಮ್ಮ ಮನೆಯವರು ಈಗ ಇಂಥದೊಂದು ಯೋಚನೆಯಲ್ಲಿದ್ದರೆ, ಈ ವಾರ ಅಂಗಡಿ ನೋಡಲು ಹೋಗಬೇಡಿ. ಒಂದು ನೋಟ್‌ಬುಕ್ ತೆಗೆದು ಮೂರು ಸಾಲು ಬರೆಯಿರಿ: ಒಂದು ಡಬ್ಬಿಗೆ ಎಷ್ಟು ಉಳಿಯುತ್ತದೆ, ತಿಂಗಳಿಗೆ ಎಷ್ಟು ಖಾಯಂ ಗಿರಾಕಿ ಬೇಕು, ಎಷ್ಟು ಜನ ಎರಡನೇ ಸಲ ದುಡ್ಡು ಕೊಟ್ಟರೆ ಮುಂದೆ ಹೋಗುತ್ತೀರಿ. ನಂತರ ಒಲೆ ಹಚ್ಚಿ. ಪೂರ್ತಿ ಬೆಲೆ ಕೊಟ್ಟು ಮತ್ತೆ ಬಂದ ಅಪರಿಚಿತರ ಮನೆ ನಂಬರುಗಳು ಆ ನೋಟ್‌ಬುಕ್ಕಿನಲ್ಲಿ ಗೆರೆ ದಾಟುವವರೆಗೆ, ಬ್ಯಾಂಕಿನಲ್ಲಿರುವ ಠೇವಣಿ ಬ್ಯಾಂಕಿನಲ್ಲೇ ಇರಲಿ.